ಸ್ಮಾರ್ಟ್‌ವಾಚ್ ತಗೊಳ್ಳಲಾ, ಫಿಟ್‌ನೆಸ್ ಬ್ಯಾಂಡ್ ಸಾಕಾ? ಮೊದಲ ಸಲ ಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಂಡ್‌ಗೂ ವಾಚ್‌ಗೂ ನಿಜವಾದ ವ್ಯತ್ಯಾಸ ಏನು?

ಆಕಾರ ನೋಡಿ ಹೇಳೋದು ಈಗ ಕಷ್ಟ. ಬ್ಯಾಂಡ್‌ಗಳ ಪರದೆ ದೊಡ್ಡದಾಗಿದೆ, ವಾಚ್‌ಗಳು ತೆಳ್ಳಗಾಗಿವೆ. ವ್ಯತ್ಯಾಸ ಇರೋದು ಒಳಗಿನ ಸಾಫ್ಟ್‌ವೇರ್‌ನಲ್ಲಿ. ಪೂರ್ಣ ಪ್ರಮಾಣದ ಸ್ಮಾರ್ಟ್‌ವಾಚ್ ಅಂದರೆ ಕೈಗೆ ಕಟ್ಟಿಕೊಂಡ ಚಿಕ್ಕ ಫೋನು. ಅದಕ್ಕೆ ಹೊಸ ಆ್ಯಪ್ ಹಾಕಬಹುದು, ಅದರಲ್ಲೇ ಮೆಸೇಜಿಗೆ ಉತ್ತರ ಕೊಡಬಹುದು, ಮ್ಯಾಪ್ ನೋಡಬಹುದು. ಬ್ಯಾಂಡ್‌ನಲ್ಲಿ ಕಂಪನಿ ಕೊಟ್ಟಿದ್ದಷ್ಟೇ ಇರುತ್ತೆ. ಅಳತೆ ಮಾಡುತ್ತೆ, ಫೋನಿಗೆ ಬಂದ ಸಂದೇಶ ತೋರಿಸುತ್ತೆ, ಅಷ್ಟೆ.

ನೋಡೋಕೆ ವಾಚ್ ಥರ ಇದ್ದು ಒಳಗೆ ಬ್ಯಾಂಡ್ ಆಗಿರುವ ಮಾಡೆಲ್‌ಗಳೂ ತುಂಬಾ ಇವೆ. ಗೊತ್ತು ಮಾಡಿಕೊಳ್ಳೋಕೆ ಒಂದೇ ಪ್ರಶ್ನೆ ಸಾಕು: ಇದಕ್ಕೆ ಹೊರಗಿನ ಆ್ಯಪ್ ಹಾಕಬಹುದಾ? ಆಗಲ್ಲ ಅಂದರೆ ಅದನ್ನು ಬ್ಯಾಂಡ್ ಅಂತಲೇ ಲೆಕ್ಕ ಹಾಕಿ. ಬೈಯೋಕೆ ಹೇಳಿದ ಮಾತಲ್ಲ ಇದು, ಬ್ಯಾಟರಿ ವಿಷಯದಲ್ಲಿ ಅಂಥವೇ ಮೇಲು.

ವಾಚ್ ದುಬಾರಿ, ಅಂದ್ಮೇಲೆ ಅದರ ಸೆನ್ಸರ್ ಜಾಸ್ತಿ ನಿಖರ ಅಲ್ವಾ?

ಜಾಸ್ತಿ ದುಡ್ಡು ಹೋಗೋದು ಪರದೆಗೆ, ಪ್ರೊಸೆಸರ್‌ಗೆ, ಜಿಪಿಎಸ್‌ಗೆ, ಆ್ಯಪ್‌ಗಳಿಗೆ. ಎದೆಬಡಿತ ಅಳೆಯುವ ವಿಧಾನ ಎರಡರಲ್ಲೂ ಒಂದೇ. ಕೈ ಅಲ್ಲಾಡದೆ ಕೂತಿರುವಾಗ ಸಾಧಾರಣ ಬ್ಯಾಂಡ್ ಕೂಡ ಚೆನ್ನಾಗಿಯೇ ಅಳೆಯುತ್ತೆ. ಓಡುವಾಗ, ಭಾರ ಎತ್ತುವಾಗ ವ್ಯತ್ಯಾಸ ಕಾಣಬಹುದು. ಒಳ್ಳೆ ವಾಚ್‌ಗಳಲ್ಲಿ ದೀಪಗಳು ಮತ್ತು ಬೆಳಕು ಗ್ರಹಿಸುವ ಭಾಗಗಳು ಜಾಸ್ತಿ ಇರುತ್ತವೆ, ಅಲುಗಾಟದಿಂದ ಬರುವ ಗೊಂದಲ ತೆಗೆದುಹಾಕುವ ಲೆಕ್ಕವೂ ಉತ್ತಮವಾಗಿರುತ್ತೆ. ಆದರೆ ಸಡಿಲವಾಗಿ ಕಟ್ಟಿದ ದುಬಾರಿ ವಾಚ್‌ಗಿಂತ ಸರಿಯಾಗಿ ಕಟ್ಟಿದ ಅಗ್ಗದ ಬ್ಯಾಂಡ್ ಎಷ್ಟೋ ಸಲ ಮೇಲು.

ಆ ಹಸಿರು ದೀಪ ಏನು ಮಾಡುತ್ತೆ?

ವಾಚ್ ಬಿಚ್ಚಿ ಹಿಂಬದಿ ನೋಡಿ, ಮಿಣುಗುವ ಹಸಿರು ದೀಪ ಕಾಣುತ್ತೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತೆ. ಹೃದಯ ಒಮ್ಮೆ ಬಡಿದಾಗ ಮಣಿಕಟ್ಟಿನ ಸಣ್ಣ ರಕ್ತನಾಳಗಳಿಗೆ ಒಂದು ಅಲೆ ರಕ್ತ ಬರುತ್ತೆ, ಆಗ ವಾಪಸ್ ಬರುವ ಬೆಳಕು ಸ್ವಲ್ಪ ಕಡಿಮೆಯಾಗುತ್ತೆ. ಅಲೆ ಇಳಿದಾಗ ಮತ್ತೆ ಜಾಸ್ತಿಯಾಗುತ್ತೆ. ಪಕ್ಕದಲ್ಲಿರುವ, ಬೆಳಕು ಗ್ರಹಿಸುವ ಭಾಗ ಈ ಏರಿಳಿತವನ್ನು ಎಣಿಸುತ್ತೆ. ಈ ವಿಧಾನಕ್ಕೆ ಪಿಪಿಜಿ ಅಂತ ಹೆಸರು.

ಅಂದರೆ ಅದು ನೋಡ್ತಿರೋದು ಹೃದಯವನ್ನಲ್ಲ, ಬೆಳಕಿನ ಏರಿಳಿತವನ್ನು. ಇದೊಂದು ತಲೆಯಲ್ಲಿದ್ದರೆ ಮುಂದಿನ ಗೊಂದಲಗಳೆಲ್ಲ ತಾವಾಗೇ ಅರ್ಥವಾಗುತ್ತವೆ. ಪಟ್ಟಿ ಸಡಿಲವಿದ್ದರೆ ಹೊರಗಿನ ಬೆಳಕು ಒಳಗೆ ನುಗ್ಗುತ್ತೆ. ಚಳಿಯಲ್ಲಿ ಕೈಗೆ ರಕ್ತ ಬರೋದು ಕಡಿಮೆಯಾಗಿ ಅಲೆಯೇ ಸಣ್ಣದಾಗುತ್ತೆ. ಮಣಿಕಟ್ಟಿನ ಮೇಲೆ ದಟ್ಟ ಹಚ್ಚೆ ಇದ್ದರೆ ಶಾಯಿ ಬೆಳಕನ್ನು ತಡೆಯುತ್ತೆ. ಹಚ್ಚೆ ಇದ್ದರೆ ಇನ್ನೊಂದು ಕೈಗೆ ಕಟ್ಟಿ.

ನಿಧಾನಕ್ಕೆ ಓಡ್ತಿದ್ದೆ, ಬ್ಯಾಂಡ್ 170 ತೋರಿಸ್ತು. ನನಗೇನಾದ್ರೂ ತೊಂದರೆ ಇದೆಯಾ?

ಈ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು. ನನಗೂ ಹೀಗೇ ಆಗಿ ಹೆದರಿದ್ದೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳ್ತೇನೆ.

ನನ್ನ ಮೊದಲ ಬ್ಯಾಂಡ್ ಕಟ್ಟಿಕೊಂಡು ಓಡೋಕೆ ಶುರು ಮಾಡಿದ ವಾರ. ಪಕ್ಕದಲ್ಲಿ ಗೆಳತಿ ಇದ್ದಳು, ಇಬ್ಬರೂ ಆರಾಮಾಗಿ ಮಾತಾಡ್ತಾ ಓಡ್ತಿದ್ದೆವು. ನಾಲ್ಕನೇ ನಿಮಿಷಕ್ಕೆ ಬ್ಯಾಂಡ್ ನೋಡಿದರೆ 172. ಹತ್ತು ನಿಮಿಷ ಬಿಟ್ಟು ನೋಡಿದರೆ 171. ಅಷ್ಟು ಜೋರಾಗಿ ಹೃದಯ ಬಡಿಯುವಾಗ ಪೂರ್ತಿ ವಾಕ್ಯ ಮಾತಾಡೋಕೆ ಆಗಲ್ಲ, ಏದುಸಿರು ಬರುತ್ತೆ. ನನಗೆ ಏನೂ ಆಗಿರಲಿಲ್ಲ. ನಿಂತೆ. ಕತ್ತಿನ ಪಕ್ಕ ಎರಡು ಬೆರಳು ಮೆಲ್ಲಗೆ ಇಟ್ಟು 15 ಸೆಕೆಂಡ್ ಎಣಿಸಿದೆ. 33 ಬಡಿತ. ನಾಲ್ಕರಿಂದ ಗುಣಿಸಿದರೆ 132. ನಿಂತ ಕೂಡಲೇ ನಾಡಿ ಇಳಿಯೋಕೆ ಶುರುವಾಗುತ್ತೆ, ಹಾಗಾಗಿ ಓಡುವಾಗ 140ರ ಹತ್ತಿರ ಇದ್ದಿರಬಹುದು. 172 ಅಂತೂ ಇರಲಿಲ್ಲ.

ಮನೆಗೆ ಬಂದು ಆ್ಯಪ್‌ನಲ್ಲಿ ಓಟದ ವಿವರ ತೆಗೆದೆ. ನಿಮಿಷಕ್ಕೆ ಹಾಕಿದ ಹೆಜ್ಜೆಗಳ ಸರಾಸರಿ: 171. ಅಲ್ಲಿಗೆ ಗೊತ್ತಾಯ್ತು. ಬ್ಯಾಂಡ್ ಎಣಿಸಿದ್ದು ನನ್ನ ಹೆಜ್ಜೆಗಳನ್ನು!

ಯಾಕೆ ಹೀಗೆ ಅಂದರೆ, ಪ್ರತಿ ಹೆಜ್ಜೆಗೂ ಕೈ ಕುಲುಕುತ್ತೆ, ಬ್ಯಾಂಡ್ ಚರ್ಮದ ಮೇಲೆ ಕೂದಲೆಳೆಯಷ್ಟು ಜರುಗುತ್ತೆ, ಬೆಳಕಿನಲ್ಲಿ ಅದರದ್ದೇ ಒಂದು ಏರಿಳಿತ ಹುಟ್ಟುತ್ತೆ. ಓಡುವವರ ಹೆಜ್ಜೆ ನಿಮಿಷಕ್ಕೆ ಹೆಚ್ಚುಕಡಿಮೆ 150ರಿಂದ 180 ಇರುತ್ತೆ, ಎದೆಬಡಿತವೂ ಅದರ ಸುತ್ತಮುತ್ತಲೇ ಇರಬಹುದು. ಎರಡು ತಾಳ ಒಟ್ಟಿಗೆ ಕೇಳಿದಾಗ ಸಾಫ್ಟ್‌ವೇರ್ ಜೋರಾಗಿರೋದನ್ನು ಹಿಡಿದುಕೊಳ್ಳುತ್ತೆ. ಓಟಗಾರರು ಇದನ್ನು ಕೇಡೆನ್ಸ್ ಲಾಕ್ ಅಂತಾರೆ. ದುಬಾರಿ ವಾಚ್‌ಗಳಲ್ಲೂ ಆಗುತ್ತೆ, ಸ್ವಲ್ಪ ಅಪರೂಪಕ್ಕೆ.

ಗುರುತು ಹಿಡಿಯೋದು ಸುಲಭ. ಅಂಕಿ ಓಟದ ಶುರುವಿನಲ್ಲೇ ಮೇಲಕ್ಕೆ ಹಾರಿ ಅಲ್ಲೇ ಸಮತಟ್ಟಾಗಿ ಕೂತಿರುತ್ತೆ, ಏರು ಹತ್ತಿದರೂ ಇಳಿಜಾರು ಇಳಿದರೂ ಕದಲಲ್ಲ. ನಿಂತ ತಕ್ಷಣ ಕೆಲವೇ ಸೆಕೆಂಡಿನಲ್ಲಿ 40ರಷ್ಟು ಕೆಳಗೆ ಬೀಳುತ್ತೆ. ಹೃದಯ ಹಾಗೆ ಧೊಪ್ಪನೆ ಬೀಳಲ್ಲ, ನಿಧಾನಕ್ಕೆ ಇಳಿಯುತ್ತೆ. ಇವೆರಡೂ ಕಂಡರೆ ಹೆಜ್ಜೆಯ ಗ್ರಾಫನ್ನೂ ಎದೆಬಡಿತದ ಗ್ರಾಫನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಒಂದು ಮಾತು ಮಾತ್ರ ಗಂಭೀರವಾಗಿ ತಗೊಳ್ಳಿ. ಬೆರಳಿಟ್ಟು ಎಣಿಸಿದಾಗಲೂ ನಾಡಿ ಅಷ್ಟೇ ಜೋರಾಗಿದ್ದರೆ, ಅಥವಾ ಎದೆನೋವು, ತಲೆಸುತ್ತು ಇದ್ದರೆ, ಬ್ಯಾಂಡ್ ತಪ್ಪು ಅಂತ ಸುಮ್ನೆ ಕೂರಬೇಡಿ. ಡಾಕ್ಟರ್ ಹತ್ತಿರ ಹೋಗಿ.

ಇದನ್ನ ಸರಿ ಮಾಡೋದು ಹೇಗೆ?

ನನಗೆ ಕೆಲಸ ಮಾಡಿದ್ದು ಇಷ್ಟು. ಮಣಿಕಟ್ಟಿನ ಉಬ್ಬಿದ ಮೂಳೆ ಇದೆಯಲ್ಲ, ಅದರಿಂದ ಮೊಣಕೈ ಕಡೆಗೆ ಎರಡು ಬೆರಳಿನಷ್ಟು ಮೇಲೆ ಕಟ್ಟಿದೆ. ಅಲ್ಲಿ ಮಾಂಸ ಜಾಸ್ತಿ, ಬ್ಯಾಂಡ್ ಸಮವಾಗಿ ಕೂರುತ್ತೆ. ಓಡುವಾಗ ಮಾತ್ರ ಪಟ್ಟಿಯನ್ನು ಒಂದು ತೂತು ಬಿಗಿ ಮಾಡಿದೆ. ಕೈ ಕುಲುಕಿದರೆ ಬ್ಯಾಂಡ್ ಜಾರಬಾರದು, ಆದರೆ ಬೆರಳು ಜುಮ್ಮೆನ್ನಬಾರದು, ಅಷ್ಟು ಬಿಗಿ. ಓಟ ಮುಗಿದ ಮೇಲೆ ಸಡಿಲ ಮಾಡಿ, ಇಲ್ಲದಿದ್ದರೆ ಬೆವರು ಕೂತು ಚರ್ಮ ಕೆಂಪಾಗುತ್ತೆ. ಆಮೇಲೆ, ಓಟ ಶುರು ಮಾಡೋಕೆ ಮುಂಚೆ ಐದು ನಿಮಿಷ ಬಿರುಸಾಗಿ ನಡೆದೆ. ಕೈ ಬೆಚ್ಚಗಾಗಿ ರಕ್ತದ ಅಲೆ ದೊಡ್ಡದಾಗುತ್ತೆ. ವರ್ಕೌಟ್ ಮೋಡ್ ಕೂಡ ಆಗಲೇ ಒತ್ತಿದೆ, ಎದೆಬಡಿತ ಇನ್ನೂ ಕೆಳಗಿರುವಾಗಲೇ ಅದು ಸರಿಯಾದ ತಾಳ ಹಿಡಿಯಲಿ ಅಂತ. ಮಾರನೇ ದಿನ ಅದೇ ದಾರಿ, ಅದೇ ವೇಗ. ಬ್ಯಾಂಡ್ ತೋರಿಸಿದ್ದು 138.

ಜಿಮ್‌ನಲ್ಲಿ ಭಾರ ಎತ್ತುವಾಗ ಅಂಕಿ ತುಂಬಾ ಕಡಿಮೆ ಬರುತ್ತೆ, ಯಾಕೆ?

ಹಿಡಿಕೆಯನ್ನು ಬಿಗಿಯಾಗಿ ಹಿಡಿದಾಗ ಮಣಿಕಟ್ಟಿನ ಸ್ನಾಯುಗಳು ಗಟ್ಟಿಯಾಗಿ ರಕ್ತದ ಹರಿವು ಬದಲಾಗುತ್ತೆ, ಬ್ಯಾಂಡ್ ಕೂಡ ಚರ್ಮದಿಂದ ಎದ್ದು ನಿಲ್ಲುತ್ತೆ. ಸೈಕಲ್ ಹ್ಯಾಂಡಲ್ ಹಿಡಿದಾಗಲೂ ಇದೇ ಕಥೆ. ಇಂಥ ವ್ಯಾಯಾಮವೇ ಮುಖ್ಯವಾದರೆ ಎದೆಗೆ ಕಟ್ಟುವ ಪಟ್ಟಿ ತಗೊಳ್ಳಿ. ಅದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತೆ, ಕೈ ಕುಲುಕಿದರೆ ಅದಕ್ಕೇನೂ ಆಗಲ್ಲ. ಎದೆಪಟ್ಟಿಯನ್ನು ಬ್ಲೂಟೂತ್‌ನಲ್ಲಿ ಸೇರಿಸೋಕೆ ನಿಮ್ಮ ವಾಚ್ ಬಿಡುತ್ತಾ ಅಂತ ಮೊದಲೇ ನೋಡಿ. ಅನೇಕ ಬ್ಯಾಂಡ್‌ಗಳು ಬಿಡಲ್ಲ.

ಕ್ಯಾಲೊರಿ ಲೆಕ್ಕ ನಂಬಬಹುದಾ?

ಬೇಡ. ಇದನ್ನು ನಾನು ಖಡಾಖಂಡಿತವಾಗಿ ಹೇಳ್ತೇನೆ, ಯಾಕೆಂದರೆ ಈ ಅಂಕಿ ನೋಡಿ ಊಟ ಹೆಚ್ಚು ಕಡಿಮೆ ಮಾಡುವವರು ತುಂಬಾ ಇದ್ದಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 60 ಜನರ ಕೈಗೆ ಒಟ್ಟು 7 ಬಗೆಯ ಸಾಧನ ಕಟ್ಟಿ ನಡೆಸಿದರು, ಓಡಿಸಿದರು, ಸೈಕಲ್ ತುಳಿಸಿದರು. ಎದೆಬಡಿತದಲ್ಲಿ 6 ಸಾಧನಗಳ ತಪ್ಪು ಶೇ. 5ರ ಒಳಗಿತ್ತು. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದ ಸಾಧನದ್ದೇ ತಪ್ಪು ಶೇ. 27, ಕೊನೆಯದ್ದು ಶೇ. 93.

ಸಾಧನಗಳು ಆಮೇಲೆ ಸುಧಾರಿಸಿವೆ, ಆದರೆ ಮೂಲ ತೊಡಕು ಹಾಗೇ ಇದೆ. ಕ್ಯಾಲೊರಿ ಅಳೆಯುವ ಸೆನ್ಸರ್ ಅಂತ ಯಾವ ವಾಚ್‌ನಲ್ಲೂ ಇಲ್ಲ. ವಯಸ್ಸು, ತೂಕ, ಎತ್ತರ, ಎದೆಬಡಿತ, ಅಲುಗಾಟ ಇವನ್ನೆಲ್ಲ ಒಂದು ಸೂತ್ರಕ್ಕೆ ಹಾಕಿ ಊಹಿಸುತ್ತೆ. ಎದೆಬಡಿತವೇ ತಪ್ಪಾದ ದಿನ ಊಹೆಯೂ ತಪ್ಪು. ನನ್ನ ಆ 172ರ ಓಟಕ್ಕೆ ಬಂದ ಕ್ಯಾಲೊರಿ, ಮಾರನೇ ದಿನದ ಅದೇ ಓಟಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಓಡಿದ್ದು ಅಷ್ಟೇ ದೂರ.

ನಿದ್ದೆ?

ಎಷ್ಟು ಗಂಟೆಗೆ ಮಲಗಿದಿರಿ, ಎದ್ದಿರಿ, ಒಟ್ಟು ಎಷ್ಟು ಹೊತ್ತು, ಇದು ಸುಮಾರಾಗಿ ಸರಿ ಇರುತ್ತೆ. ಗಾಢ ನಿದ್ದೆ, ಕನಸಿನ ನಿದ್ದೆ ಅಂತ ಬಣ್ಣಬಣ್ಣದ ಪಟ್ಟಿ ತೋರಿಸುತ್ತಲ್ಲ, ಅದು ಊಹೆ. ಆಸ್ಪತ್ರೆಯಲ್ಲಿ ಅದನ್ನು ಹೇಳೋಕೆ ತಲೆಗೆ ವೈರ್ ಹಚ್ಚಿ ಮಿದುಳಿನ ಅಲೆ ನೋಡ್ತಾರೆ. ಮಣಿಕಟ್ಟಿಗೆ ಅದು ಗೊತ್ತಾಗಲ್ಲ. ಅಲ್ಲಾಡದೆ ಮಲಗಿ ಮೊಬೈಲ್ ನೋಡಿದರೂ ನಿದ್ದೆ ಅಂತ ಬರೆದುಕೊಳ್ಳಬಹುದು.

ಬಿಪಿ, ಸಕ್ಕರೆ, ಆಕ್ಸಿಜನ್, ಇಸಿಜಿ ಎಲ್ಲ ಇದೆ ಅಂತ ಡಬ್ಬದ ಮೇಲೆ ಬರೆದಿದ್ದಾರೆ. ನಿಜಾನಾ?

ಒಂದೊಂದೂ ಬೇರೆ ಬೇರೆ ಕಥೆ.

ಸಕ್ಕರೆ: ಸೂಜಿ ಚುಚ್ಚದೆ ತಾನೇ ರಕ್ತದ ಸಕ್ಕರೆ ಅಳೆಯುವ ಯಾವ ವಾಚ್‌ಗೂ, ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲ ಅಂತ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಕೆ ಕೊಟ್ಟಿತು. ಡಬ್ಬದ ಮೇಲೆ ಈ ಮಾತು ಕಂಡರೆ ಆ ಮಾಡೆಲನ್ನೇ ಬಿಟ್ಟುಬಿಡಿ. ಇದರಲ್ಲಿ ಸುಳ್ಳು ಹೇಳುವವರು ಉಳಿದದ್ದರಲ್ಲಿ ನಿಜ ಹೇಳ್ತಾರೆ ಅಂತ ನಂಬೋಕೆ ನನಗಂತೂ ಆಗಲ್ಲ. ಸಕ್ಕರೆ ಕಾಯಿಲೆ ಇರುವವರು ಆ ಅಂಕಿ ನೋಡಿ ಇನ್ಸುಲಿನ್ ತಗೊಂಡರೆ ಜೀವಕ್ಕೇ ಅಪಾಯ. ಚರ್ಮಕ್ಕೆ ಅಂಟಿಸುವ ಬೇರೆ ಗ್ಲೂಕೋಸ್ ಸೆನ್ಸರ್‌ನ ಅಂಕಿಯನ್ನು ವಾಚ್‌ನಲ್ಲಿ ತೋರಿಸೋದು ಬೇರೆ ವಿಷಯ, ಅಲ್ಲಿ ಅಳೆಯೋದು ಆ ಸೆನ್ಸರ್.

ಬಿಪಿ: ಸ್ಯಾಮ್‌ಸಂಗ್ ವಾಚ್‌ಗಳಲ್ಲಿ ಈ ಸೌಲಭ್ಯ ಬಳಸಬೇಕಾದರೆ ತೋಳಿಗೆ ಕಟ್ಟುವ ಬಿಪಿ ಯಂತ್ರದ ಜೊತೆ ಹೊಂದಿಸಬೇಕು, 28 ದಿನಕ್ಕೊಮ್ಮೆ ಮತ್ತೆ ಹೊಂದಿಸಬೇಕು. ಹಸಿರು ಬೆಳಕೊಂದರಿಂದಲೇ ಒತ್ತಡ ಅಳೆಯೋಕೆ ಆಗೋ ಹಾಗಿದ್ದರೆ ಇದರ ಅಗತ್ಯ ಇರ್ತಿರಲಿಲ್ಲ, ಅಲ್ವಾ? ಯಾವುದರ ಜೊತೆಯೂ ಹೊಂದಿಸದೆ, ಬೆಳಕಷ್ಟೇ ಬಳಸಿ ಡಬ್ಬ ತೆಗೆದ ಕೂಡಲೇ 120/80 ತೋರಿಸುವ ಬ್ಯಾಂಡ್ ಕೊಡ್ತಿರೋದು ಊಹೆ.

ಆಕ್ಸಿಜನ್: ಇದಕ್ಕೆ ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕು ಬೇಕು. ಮಣಿಕಟ್ಟಿನಲ್ಲಿ ಬೆರಳಿನಷ್ಟು ಚೆನ್ನಾಗಿ ಬರಲ್ಲ, ಕೈ ಅಲ್ಲಾಡಿದರೆ 88 ಅಂತ ತೋರಿಸಿ ಹೆದರಿಸಬಹುದು. ಕೈಯನ್ನು ಮೇಜಿನ ಮೇಲಿಟ್ಟು ಎರಡು ನಿಮಿಷ ಬಿಟ್ಟು ಮತ್ತೆ ನೋಡಿ. ಕಡು ಬಣ್ಣದ ಚರ್ಮದವರಲ್ಲಿ ಬೆರಳಿನ ಆಕ್ಸಿಮೀಟರ್‌ಗಳೂ ನಿಖರವಾಗಿ ಅಳೆಯದೇ ಇರಬಹುದು ಅಂತ ಎಫ್‌ಡಿಎ 2021ರಲ್ಲೇ ಹೇಳಿದೆ. ಉಸಿರಾಟದ ತೊಂದರೆ ಇದ್ದಾಗ ವಾಚ್‌ನ ಅಂಕಿ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ.

ಇಸಿಜಿ: ಇದು ಉಳಿದವಕ್ಕಿಂತ ಗಟ್ಟಿ. ವಾಚ್‌ನ ಲೋಹದ ಭಾಗದ ಮೇಲೆ ಇನ್ನೊಂದು ಕೈಯ ಬೆರಳಿಟ್ಟು ಸುಮಾರು 30 ಸೆಕೆಂಡ್ ಕೂತರೆ ಹೃದಯದ ವಿದ್ಯುತ್ ಸಂಕೇತವನ್ನೇ ದಾಖಲಿಸುತ್ತೆ. ಆ್ಯಪಲ್ ವಾಚ್‌ನ ಈ ಸೌಲಭ್ಯಕ್ಕೆ 2018ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಎದೆಬಡಿತದ ತಾಳ ತಪ್ಪುವ ಒಂದು ತೊಂದರೆಯನ್ನು ಗುರುತಿಸೋಕೆ ಇದು ನೆರವಾಗುತ್ತೆ. ಹೃದಯಾಘಾತವನ್ನು ಹಿಡಿಯಲ್ಲ. ಎಲ್ಲ ನಾರ್ಮಲ್ ಅಂತ ಬಂತು ಅಂತ ಎದೆನೋವನ್ನು ಕಡೆಗಣಿಸಬಾರದು.

ಬ್ಯಾಟರಿ 14 ದಿನ ಅಂತಾರೆ, ನನಗೆ 6 ದಿನ ಬರುತ್ತೆ. ಕೆಟ್ಟ ಪೀಸಾ?

ಬಹುಶಃ ಅಲ್ಲ. 14 ದಿನ ಅನ್ನೋ ಅಂಕಿ ಬರೋದು ಕಂಪನಿ ಆರಿಸಿಕೊಂಡ ಸೆಟ್ಟಿಂಗ್‌ನಲ್ಲಿ. ಆ ಅಂಕಿಯ ಪಕ್ಕ ಒಂದು ಚಿಕ್ಕ ನಕ್ಷತ್ರ ಗುರುತು ಇರುತ್ತೆ, ಪುಟದ ತಳಕ್ಕೆ ಹೋಗಿ ಓದಿ. ದಿನಕ್ಕೆ ಇಷ್ಟು ನೋಟಿಫಿಕೇಶನ್, ವಾರಕ್ಕೆ ಇಷ್ಟು ನಿಮಿಷ ವ್ಯಾಯಾಮ ಅಂತ ಬರೆದಿರುತ್ತಾರೆ. ನಾವು ಪರದೆ ಯಾವಾಗಲೂ ಉರಿಯುವ ಹಾಗೆ ಇಟ್ಟು, ಎದೆಬಡಿತ ನಿರಂತರ ಅಳೆಯಲಿ ಅಂತ ಬಿಟ್ಟು, ರಾತ್ರಿಯಿಡೀ ಆಕ್ಸಿಜನ್ ನೋಡು ಅಂದರೆ ಅರ್ಧಕ್ಕಿಳಿಯೋದು ಸಹಜ. ಮೊದಲು ಆಫ್ ಮಾಡಬೇಕಾದ್ದು ಸದಾ ಉರಿಯುವ ಪರದೆ, ಆಮೇಲೆ ರಾತ್ರಿಯ ಆಕ್ಸಿಜನ್. ಎದೆಬಡಿತದ ನಿರಂತರ ಅಳತೆ ಮಾತ್ರ ಆಫ್ ಮಾಡಬೇಡಿ, ಅದಿಲ್ಲದಿದ್ದರೆ ಈ ಸಾಧನ ಯಾಕೆ ಕಟ್ಟಬೇಕು?

ನಿಮ್ಮ ಸಾಧನದ ನಿಜವಾದ ಬಾಳಿಕೆ ತಿಳಿಯೋಕೆ ಮೊದಲ ಎರಡು ದಿನ ಲೆಕ್ಕಕ್ಕೆ ಹಿಡಿಯಬೇಡಿ. ಆಗ ಅಪ್‌ಡೇಟ್ ಆಗ್ತಿರುತ್ತೆ, ನಾವೂ ಪದೇ ಪದೇ ಪರದೆ ಮುಟ್ಟುತ್ತಿರುತ್ತೇವೆ. ಮೂರನೇ ದಿನ ಒಂದು ಹೊತ್ತಿಗೆ ಶೇಕಡಾ ಎಷ್ಟಿದೆ ಬರೆದಿಡಿ, ಮಾರನೇ ದಿನ ಅದೇ ಹೊತ್ತಿಗೆ ಮತ್ತೆ ನೋಡಿ. 13 ಇಳಿದಿದ್ದರೆ 100ನ್ನು 13ರಿಂದ ಭಾಗಿಸಿ, ಹೆಚ್ಚುಕಡಿಮೆ ಏಳೂಮುಕ್ಕಾಲು ದಿನ. ಅದೇ ನಿಮ್ಮ ಅಂಕಿ.

ಸ್ಮಾರ್ಟ್‌ವಾಚ್ ದಿನಾ ಚಾರ್ಜ್ ಮಾಡಬೇಕಂತೆ. ಅಷ್ಟು ದೊಡ್ಡ ತೊಂದರೆನಾ?

ನಿದ್ದೆ ಅಳೆಯಬೇಕು ಅನ್ನೋವರಿಗೆ ತೊಂದರೆ. ರಾತ್ರಿ ಚಾರ್ಜಿಗೆ ಹಾಕಿದರೆ ನಿದ್ದೆಯ ಲೆಕ್ಕ ಸಿಗಲ್ಲ. ಸ್ನಾನ, ತಿಂಡಿಯ ಹೊತ್ತಿನಲ್ಲಿ ಚಾರ್ಜ್ ಮಾಡುವ ಅಭ್ಯಾಸ ಬಂದರೆ ಸರಿ ಹೋಗುತ್ತೆ.

ಇನ್ನೊಂದು ವಿಷಯವನ್ನು ಜನ ಯೋಚಿಸೋದೇ ಇಲ್ಲ, ಅದು ಬ್ಯಾಟರಿಯ ವಯಸ್ಸು. ದಿನಾ ಚಾರ್ಜ್ ಆಗುವ ವಾಚ್ ವರ್ಷಕ್ಕೆ ಮುನ್ನೂರಕ್ಕೂ ಜಾಸ್ತಿ ಸಲ ತುಂಬಿ ಖಾಲಿಯಾಗುತ್ತೆ. ವಾರಕ್ಕೊಮ್ಮೆ ಚಾರ್ಜ್ ಆಗುವ ಬ್ಯಾಂಡ್ ಐವತ್ತು ಸಲ. ಲಿಥಿಯಂ ಬ್ಯಾಟರಿ ಸವೆಯೋದು ಹೀಗೆ ತುಂಬಿ ಖಾಲಿಯಾಗೋದರಿಂದಲೇ ಜಾಸ್ತಿ. ಎರಡರದ್ದೂ ಐದನೇ ಒಂದು ಭಾಗ ಸವೆಯಿತು ಅಂದುಕೊಳ್ಳಿ. ಹತ್ತು ದಿನದ ಬ್ಯಾಂಡ್ ಎಂಟು ದಿನ ಬರುತ್ತೆ, ನಿಮಗೆ ಗೊತ್ತೂ ಆಗಲ್ಲ. ಬೆಳಗ್ಗೆಯಿಂದ ರಾತ್ರಿ ಮಲಗುವವರೆಗೆ ಸರಿಯಾಗಿ ಬರ್ತಿದ್ದ ವಾಚ್ ಸಂಜೆಗೇ ಆರುತ್ತೆ. ಹಾಗಾಗಿ ವಾಚ್ ಕೊಳ್ಳುವಾಗ ಬ್ಯಾಟರಿ ಬದಲಿಸಿಕೊಡ್ತಾರಾ ಅಂತ ವಿಚಾರಿಸಿ.

ಜಿಪಿಎಸ್ ಇದೆ ಅಂತ ಬರೆದಿದ್ದಾರೆ, ಆದರೂ ಫೋನ್ ಬೇಕಂತೆ?

ಅದು ಫೋನಿನ ಜಿಪಿಎಸ್ ಎರವಲು ಪಡೆಯುವ ಮಾಡೆಲ್. ಫೋನ್ ಜೇಬಿನಲ್ಲಿದ್ದರೆ ಮಾತ್ರ ದಾರಿಯ ಗೆರೆ ಬರುತ್ತೆ. ಫೋನ್ ಬಿಟ್ಟು ಓಡಿದರೆ ಹೆಜ್ಜೆ ಎಣಿಸಿ ದೂರ ಊಹಿಸುತ್ತೆ. ಪರೀಕ್ಷೆ ಸುಲಭ: ಫೋನಿನ ಬ್ಲೂಟೂತ್ ಆಫ್ ಮಾಡಿ, ವರ್ಕೌಟ್ ಮೋಡ್ ಒತ್ತಿ ಬಯಲಿನಲ್ಲಿ ಹತ್ತು ನಿಮಿಷ ನಡೆದು ಬನ್ನಿ, ಆಮೇಲೆ ಬ್ಲೂಟೂತ್ ಆನ್ ಮಾಡಿ ಸಿಂಕ್ ಮಾಡಿ. ಮ್ಯಾಪ್ ಮೇಲೆ ಗೆರೆ ಬಂದಿದ್ದರೆ ಒಳಗೇ ಜಿಪಿಎಸ್ ಇದೆ.

ಆ್ಯಪ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

ಬೇಕು. ಕೈಯಲ್ಲಿರೋದು ಬರೀ ಅಳೆಯುವ ಕಡ್ಡಿ, ಲೆಕ್ಕದ ಪುಸ್ತಕ ಇರೋದು ಫೋನಿಗೆ ಹಾಕಿಕೊಳ್ಳುವ ಅದರ ಆ್ಯಪ್‌ನಲ್ಲಿ. ಪೆಬಲ್ ಅನ್ನೋ ಸ್ಮಾರ್ಟ್‌ವಾಚ್ ಕಂಪನಿ 2016ರ ಕೊನೆಗೆ ಮುಚ್ಚಿತು, 2018ರ ಜೂನ್‌ನಲ್ಲಿ ಅದರ ಸರ್ವರ್ ಸೇವೆಗಳೂ ನಿಂತವು. ವಾಚ್‌ಗಳು ಕೆಟ್ಟಿರಲಿಲ್ಲ, ಆದರೆ ಆ್ಯಪ್ ಸ್ಟೋರ್, ಧ್ವನಿ ಗುರುತಿಸುವಿಕೆಯಂಥವು ಹೋದವು. ಅಭಿಮಾನಿಗಳೇ ಬದಲಿ ಸೇವೆ ಕಟ್ಟಿಕೊಂಡರು. ಎಲ್ಲ ಬ್ರಾಂಡಿಗೂ ಅಂಥ ಅಭಿಮಾನಿಗಳು ಇರಲ್ಲ.

ಕೊಳ್ಳುವ ಮುಂಚೆಯೇ ಆ್ಯಪ್ ಇಳಿಸಿಕೊಂಡು ನೋಡಬಹುದು. ಸ್ಟೋರ್‌ನಲ್ಲಿ ಕೊನೆಯ ಅಪ್‌ಡೇಟ್ ಯಾವಾಗ ಆಗಿದೆ ನೋಡಿ, ಅಂಕಗಳ ಸರಾಸರಿ ಬಿಟ್ಟು ಇತ್ತೀಚಿನ ಒಂದು ನಕ್ಷತ್ರದ ವಿಮರ್ಶೆಗಳನ್ನು ಓದಿ. ಸಿಂಕ್ ಆಗ್ತಿಲ್ಲ ಅನ್ನೋ ದೂರು ಸಾಲುಗಟ್ಟಿದ್ದರೆ ಬೇಡ. ಆಂಡ್ರಾಯ್ಡ್‌ನಲ್ಲಿ ಹೆಲ್ತ್ ಕನೆಕ್ಟ್‌ಗೆ, ಐಫೋನ್‌ನಲ್ಲಿ ಆ್ಯಪಲ್ ಹೆಲ್ತ್‌ಗೆ ಮಾಹಿತಿ ಕಳಿಸುತ್ತಾ ನೋಡಿ. ಕಳಿಸಿದರೆ ನಾಳೆ ಬ್ರಾಂಡ್ ಬದಲಿಸಿದರೂ ನಿಮ್ಮ ಹಳೆಯ ಲೆಕ್ಕ ನಿಮ್ಮ ಹತ್ತಿರ ಉಳಿಯುತ್ತೆ. ಓಡುವವರಾದರೆ ಓಟವನ್ನು ಬೇರೆ ಆ್ಯಪ್‌ಗಳೂ ಓದಬಲ್ಲ ಜಿಪಿಎಕ್ಸ್ ಫೈಲಾಗಿ ಹೊರತೆಗೆಯಲು ಬರುತ್ತಾ ಅಂತಲೂ ಹುಡುಕಿ.

ಯಾವ ಫೋನಿಗೆ ಯಾವುದು?

ಆ್ಯಪಲ್ ವಾಚ್ ಶುರು ಮಾಡೋಕೆ ಐಫೋನ್ ಬೇಕೇ ಬೇಕು. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ವಾಚ್ 4 ಮತ್ತು ಆಮೇಲಿನವು ಐಫೋನ್ ಜೊತೆ ಕೆಲಸ ಮಾಡಲ್ಲ. ಸ್ಯಾಮ್‌ಸಂಗ್‌ನ ಇಸಿಜಿ, ಬಿಪಿ ಅಧಿಕೃತವಾಗಿ ನಡೆಯೋದು ಸ್ಯಾಮ್‌ಸಂಗ್ ಫೋನ್ ಜೊತೆ ಮಾತ್ರ, ಅದೂ ಆ ಸೌಲಭ್ಯಕ್ಕೆ ಅನುಮತಿ ಇರುವ ದೇಶಗಳಲ್ಲಿ. ಬ್ಯಾಂಡ್‌ಗಳು ಸಾಮಾನ್ಯವಾಗಿ ಎರಡೂ ಬಗೆಯ ಫೋನಿಗೆ ಹೊಂದುತ್ತವೆ, ಆದರೆ ಐಫೋನ್ ಜೊತೆ ಬ್ಯಾಂಡ್‌ನಿಂದ ಮೆಸೇಜಿಗೆ ಉತ್ತರ ಕೊಡೋದು ಸಾಮಾನ್ಯವಾಗಿ ಆಗಲ್ಲ. ಫೋನ್ ಬದಲಿಸುವ ಯೋಚನೆ ಇದ್ದರೆ ಮೊದಲು ಫೋನ್ ನಿರ್ಧಾರ ಮಾಡಿ.

ಎರಡು ದಿನ ಚೆನ್ನಾಗಿತ್ತು, ಆಮೇಲೆ ನೋಟಿಫಿಕೇಶನ್ ಬರೋದೇ ನಿಂತಿತು. ವಾಪಸ್ ಮಾಡಲಾ?

ಸ್ವಲ್ಪ ತಾಳಿ. ಬ್ಯಾಂಡ್‌ಗಿಂತ ಜಾಸ್ತಿ ಸಲ ತಪ್ಪು ಫೋನಿನದ್ದು. ಆಂಡ್ರಾಯ್ಡ್ ಫೋನ್‌ಗಳು ಬ್ಯಾಟರಿ ಉಳಿಸೋಕೆ ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ನಿಲ್ಲಿಸಿಬಿಡುತ್ತವೆ. ಫೋನಿನ ಸೆಟ್ಟಿಂಗ್‌ನಲ್ಲಿ ಬ್ಯಾಂಡ್‌ನ ಆ್ಯಪ್ ತೆರೆದು, ಬ್ಯಾಟರಿ ವಿಭಾಗದಲ್ಲಿ ಯಾವ ಮಿತಿಯೂ ಬೇಡ ಅನ್ನೋದನ್ನು ಆರಿಸಿ. ನೋಟಿಫಿಕೇಶನ್ ಓದುವ ಅನುಮತಿ ಇನ್ನೂ ಇದೆಯಾ ನೋಡಿ. ತೆರೆದ ಆ್ಯಪ್‌ಗಳನ್ನೆಲ್ಲ ಒರೆಸಿ ಹಾಕುವ ಅಭ್ಯಾಸ ಇದ್ದರೆ ಈ ಒಂದನ್ನು ಬಿಟ್ಟುಬಿಡಿ. ಇಷ್ಟು ಮಾಡಿ ಎರಡು ದಿನವಾದರೂ ಬರದಿದ್ದರೆ ಆಗ ವಾಪಸ್ ಮಾಡಿ.

ಹಾಗಾದ್ರೆ ನಾನು ಯಾವುದು ತಗೊಳ್ಳಲಿ?

ನಡಿಗೆ, ನಿದ್ದೆ, ಕೂತಾಗಿನ ಎದೆಬಡಿತ ಇಷ್ಟು ಸಾಕು ಅಂದರೆ ಬ್ಯಾಂಡ್. ಫೋನ್ ಮನೆಯಲ್ಲಿ ಬಿಟ್ಟು ಓಡಬೇಕು ಅಂದರೆ ಒಳಗೇ ಜಿಪಿಎಸ್ ಇರುವ, ಎದೆಪಟ್ಟಿ ಸೇರಿಸಲು ಬರುವ ಕ್ರೀಡಾ ವಾಚ್. ಕೈಯಿಂದಲೇ ಉತ್ತರ ಕೊಡಬೇಕು, ಇಸಿಜಿ ಬೇಕು, ದಿನಾ ಚಾರ್ಜ್ ಮಾಡೋಕೆ ಬೇಜಾರಿಲ್ಲ ಅಂದರೆ ಪೂರ್ಣ ಸ್ಮಾರ್ಟ್‌ವಾಚ್. ನನ್ನ ಕೇಳಿದರೆ, ಇನ್ನೂ ಏನು ಬೇಕು ಅಂತಲೇ ಗೊತ್ತಿಲ್ಲದವರು ಬ್ಯಾಂಡ್‌ನಿಂದ ಶುರು ಮಾಡಲಿ. ಮೂರು ತಿಂಗಳಲ್ಲಿ ಅದರ ಯಾವ ಕೊರತೆ ನಿಮ್ಮನ್ನು ಕಾಡುತ್ತೆ ಅಂತ ಗೊತ್ತಾಗುತ್ತೆ.

ತಂದ ಮೇಲೆ ವಾಪಸ್ ಮಾಡುವ ಅವಧಿಯೊಳಗೆ ಏನೇನು ನೋಡಲಿ?

ಬೆಳಗ್ಗೆ ಎದ್ದ ಕೂಡಲೇ ಹಾಸಿಗೆಯಲ್ಲೇ ಕೂತು ಬೆರಳಿಟ್ಟು ಪೂರ್ತಿ 60 ಸೆಕೆಂಡ್ ನಾಡಿ ಎಣಿಸಿ, ಬ್ಯಾಂಡ್ ಜೊತೆ ಹೋಲಿಸಿ. ಮೂರು ದಿನ ಮಾಡಿ. ಮೂರ್ನಾಲ್ಕು ಬಡಿತದ ವ್ಯತ್ಯಾಸ ಪರವಾಗಿಲ್ಲ. ದಿನಾ ಹತ್ತಕ್ಕಿಂತ ಜಾಸ್ತಿ ಬಂದರೆ ಕಟ್ಟುವ ಜಾಗ ಬದಲಿಸಿ ನೋಡಿ, ಆಗಲೂ ಹಾಗೇ ಇದ್ದರೆ ವಾಪಸ್. ಮನಸ್ಸಿನಲ್ಲಿ ಎಣಿಸುತ್ತಾ 200 ಹೆಜ್ಜೆ ನಡೆಯಿರಿ, ಒಮ್ಮೆ ಕೈ ಬೀಸುತ್ತಾ, ಇನ್ನೊಮ್ಮೆ ಕೈಯಲ್ಲಿ ಚೀಲ ಹಿಡಿದು. ಎರಡನೆಯದ್ದರಲ್ಲಿ ಕಡಿಮೆ ಬರೋದು ಸಹಜ, ಯಾಕೆಂದರೆ ಕೈ ಬೀಸಲಿಲ್ಲ. ಮೊದಲನೆಯದ್ದರಲ್ಲೇ 150 ಬಂದರೆ ಸರಿ ಇಲ್ಲ. ಒಂದು ಸಲ ಓಡಿ, ನಿಂತ ಕೂಡಲೇ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಬರೆದುಕೊಳ್ಳೋಕೆ ಒಂದು ಚೀಟಿ ಇಟ್ಟುಕೊಳ್ಳಿ, ಡಬ್ಬವನ್ನು ಮಾತ್ರ ಅವಧಿ ಮುಗಿಯುವ ತನಕ ಎಸೆಯಬೇಡಿ.